ಹದಿನೆಂಟು ಪ್ರಶಸ್ತಿಗಳಲ್ಲಿ ಯಾವುದನ್ನು ಓದಬೇಕು?

"ನಮ್ಮೂರ ಕಾರ್ಯಕ್ರಮದಲ್ಲಿ ಸೋಬಾನೆ ಪದಗಳ ಬಗ್ಗೆ ಮಾತಾಡಲು ಒಬ್ಬ ನಿವೃತ್ತ ಪ್ರಾಧ್ಯಾಪಕರನ್ನು ಕರೆದಿದ್ದೇವೆ. ಅವರು ಕಳಿಸಿದ ಪರಿಚಯವೇ ಒಂದು ಪುಟ. ಅದರಲ್ಲಿ ಹದಿನೆಂಟು ಪ್ರಶಸ್ತಿ, ಬಿರುದು. ಎಲ್ಲ ಓದಿದರೆ ಸಭಿಕರಿಗೆ ಬೇಸರ, ಬಿಟ್ಟರೆ ಅವರಿಗೆ ಬೇಸರ. ಯಾವುದನ್ನು ಉಳಿಸಲಿ? ಪರಿಚಯ ಮತ್ತು ಆಹ್ವಾನ ಪತ್ರಿಕೆಯ ಕರಡು ಲಗತ್ತಿಸಿದ್ದೇನೆ."
– ಒಬ್ಬ ಓದುಗರು

ಪುಟವನ್ನು ಗಟ್ಟಿಯಾಗಿ ಓದಿ ನೋಡಿದೆ. ಮೂರು ನಿಮಿಷ ಹಿಡಿಯಿತು. ಅಷ್ಟು ಹೊತ್ತು ಓದಿದರೂ ಈ ಮನುಷ್ಯ ಸೋಬಾನೆ ಬಗ್ಗೆ ಏನು ಕೆಲಸ ಮಾಡಿದ್ದಾರೆ ಅನ್ನುವುದು ಕೊನೆಯ ಪ್ಯಾರಾದಲ್ಲಿ ಒಂದೇ ಸಾಲಿನಲ್ಲಿ ಸಿಕ್ಕಿತು. ಹಾಡುವ ಹೆಂಗಸರ ಮನೆಗೇ ಹೋಗಿ ಹಾಡು ಮುದ್ರಿಸಿಕೊಂಡಿದ್ದಾರೆ, ಆ ಸಂಗ್ರಹಕ್ಕೆ ಕರ್ನಾಟಕ ಜಾನಪದ ಅಕಾಡೆಮಿಯ ಪುಸ್ತಕ ಬಹುಮಾನ ಬಂದಿದೆ. ನಿಮಗೆ ಬೇಕಾದ ಪ್ರಶಸ್ತಿ ಇದು. ಇದನ್ನು ಹದಿನಾಲ್ಕನೆಯದಾಗಿ ಬರೆದಿದ್ದಾರೆ, ಪಾಪ.

ಪ್ರತಿ ಪ್ರಶಸ್ತಿಯ ಮುಂದೆ ಪೆನ್ಸಿಲಿನಲ್ಲಿ ಬರೆಯುತ್ತಾ ಹೋಗಿ: ಕೊಟ್ಟವರು ಯಾರು, ಯಾವ ವರ್ಷ, ಯಾವ ಕೆಲಸಕ್ಕೆ? 'ಸಾಹಿತ್ಯ ರತ್ನ', 'ಕಲಾಭೂಷಣ'ದಂಥ ನಾಲ್ಕು ಬಿರುದುಗಳಿಗೆ ಕೊಟ್ಟ ಸಂಸ್ಥೆಯ ಹೆಸರೇ ಇಲ್ಲ. ಅವನ್ನು ಬಿಡಿ. 'ಉತ್ತಮ ಶಿಕ್ಷಕ' ಒಳ್ಳೆಯದೇ, ಆದರೆ ಇವತ್ತಿನ ಮಾತಿಗೆ ಸಂಬಂಧವಿಲ್ಲ. ಅದನ್ನು ಕೊಟ್ಟ ಕ್ಲಬ್ಬಿನ ಅಧ್ಯಕ್ಷರು ವೇದಿಕೆಯಲ್ಲೇ ಇದ್ದರೆ ಸ್ವಾಗತ ಭಾಷಣದಲ್ಲಿ ಅವರ ಹೆಸರಿನ ಜೊತೆ ಹೇಳಿ, ಪರಿಚಯದಲ್ಲಿ ಬೇಡ.

'ರಾಜ್ಯೋತ್ಸವ ಪ್ರಶಸ್ತಿ ಪುರಸ್ಕೃತರು' ಅನ್ನುವ ಸಾಲಿನಲ್ಲಿ ಸ್ವಲ್ಪ ನಿಲ್ಲಿ. ನವೆಂಬರ್ 1ಕ್ಕೆ ರಾಜ್ಯ ಸರ್ಕಾರ ಕೊಡುವ ರಾಜ್ಯೋತ್ಸವ ಪ್ರಶಸ್ತಿ ಬೇರೆ. ಅದೇ ದಿನ ಜಿಲ್ಲಾಡಳಿತ ಕೊಡುವ ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿ ಬೇರೆ. ಪರಿಚಯಗಳಲ್ಲಿ 'ಜಿಲ್ಲಾ' ಅನ್ನುವುದು ಮೆಲ್ಲಗೆ ಜಾರಿಹೋಗುತ್ತದೆ. ಸಭೆಯಲ್ಲಿ ಗೊತ್ತಿದ್ದವರು ಒಬ್ಬರಿದ್ದರೂ ಸಾಕು, ಕಿಸಕ್ಕನೆ ನಕ್ಕುಬಿಡುತ್ತಾರೆ. ಸಾಹಿತ್ಯ ಅಕಾಡೆಮಿಯದೂ ಇದೇ ಕಥೆ. ಕೇಂದ್ರದ್ದೋ ರಾಜ್ಯದ್ದೋ, ಗೌರವ ಪ್ರಶಸ್ತಿಯೋ ಪುಸ್ತಕ ಬಹುಮಾನವೋ, ಬಿಡಿಸಿ ಹೇಳಬೇಕು. ಅನುಮಾನವಿದ್ದರೆ ಫೋನ್ ಮಾಡಿ, "ಸರ್, ಇದು ಯಾವ ವರ್ಷದ್ದು?" ಎಂದು ಕೇಳಿ. ವರ್ಷ ಕೇಳಿದರೆ ಉಳಿದದ್ದನ್ನು ಅವರೇ ಹೇಳುತ್ತಾರೆ.

ಹೆಸರಿನ ಹಿಂದಿನ 'ಡಾ.' ಇವರಿಗೆ ಪಿಎಚ್.ಡಿ.ಯಿಂದ ಬಂದದ್ದು. ಇಟ್ಟುಕೊಳ್ಳಿ. ಗೌರವ ಡಾಕ್ಟರೇಟ್ ಆಗಿದ್ದರೆ ಯಾವ ವಿಶ್ವವಿದ್ಯಾಲಯ ಎಂದು ನೋಡಬೇಕಿತ್ತು. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯುಜಿಸಿಯೇ ಪ್ರಕಟಿಸುತ್ತದೆ.

ನಿಮ್ಮ ಆಹ್ವಾನ ಪತ್ರಿಕೆಯ ಕರಡಿನಲ್ಲಿ ಇನ್ನೊಂದು ಕಂಡಿತು. ಅಧ್ಯಕ್ಷತೆ ವಹಿಸುವವರ ಹೆಸರಿಗೆ ಅಂಟಿಸಿ 'ಪದ್ಮಶ್ರೀ' ಎಂದು ಹಾಕಿದ್ದೀರಿ. ತೆಗೆಯಿರಿ. ಸಂವಿಧಾನದ 18ನೇ ವಿಧಿ ಬಿರುದುಗಳನ್ನು ರದ್ದು ಮಾಡಿದೆ, ಸೇನೆಯ ಮತ್ತು ವಿದ್ಯೆಯ ಗೌರವಗಳನ್ನು ಮಾತ್ರ ಬಿಟ್ಟಿದೆ. ಹಾಗಾದರೆ ಪದ್ಮ ಪ್ರಶಸ್ತಿ ಬಿರುದಲ್ಲವೇ ಎಂಬ ಪ್ರಶ್ನೆ ಬಾಲಾಜಿ ರಾಘವನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಇವು ಬಿರುದುಗಳಲ್ಲ, ಹೆಸರಿನ ಹಿಂದೆ ಮುಂದೆ ಸೇರಿಸಿಕೊಳ್ಳುವಂತಿಲ್ಲ ಎಂದು 1995ರಲ್ಲಿ ಕೋರ್ಟು ಹೇಳಿತು. ಲೆಟರ್‌ಹೆಡ್, ಆಹ್ವಾನ ಪತ್ರಿಕೆ, ಪೋಸ್ಟರ್ ಎಲ್ಲಕ್ಕೂ ಇದು ಅನ್ವಯ. ಪರಿಚಯದ ವಾಕ್ಯದೊಳಗೆ 'ಅವರಿಗೆ ಪದ್ಮಶ್ರೀ ಬಂದಿದೆ' ಎನ್ನಲು ಅಡ್ಡಿಯಿಲ್ಲ. ನಾಡೋಜದ ಮಾತು ಬೇರೆ. ಅದು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕೊಡುವ ಗೌರವ ಪದವಿ, ಹೆಸರಿನ ಜೊತೆ ಬರೆಯುವ ರೂಢಿಯಿದೆ.

ಇಷ್ಟೆಲ್ಲ ಸೋಸಿದ ಮೇಲೆ ನಾನಾದರೆ ಹೀಗೆ ಓದುತ್ತೇನೆ:

"ಇವತ್ತಿನ ಅತಿಥಿ ಹಳ್ಳಿಗಳಲ್ಲಿ ಸೋಬಾನೆ ಹಾಡುವ ಹೆಂಗಸರ ಮನೆಗೇ ಹೋಗಿ ಹಾಡು ಮುದ್ರಿಸಿಕೊಂಡವರು. ಆ ಸಂಗ್ರಹಕ್ಕೆ ಕರ್ನಾಟಕ ಜಾನಪದ ಅಕಾಡೆಮಿಯ ಪುಸ್ತಕ ಬಹುಮಾನ ಬಂದಿದೆ. ಜನಪದ ಹಾಡುಗಳ ಮೇಲೆಯೇ ಪಿಎಚ್.ಡಿ. ಮಾಡಿದ್ದಾರೆ. ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿಯೂ ಸೇರಿ ಹಲವು ಗೌರವಗಳು ಅವರಿಗೆ ಸಂದಿವೆ. ಈಗ ನಮಗೆ ಸೋಬಾನೆ ಪದಗಳಲ್ಲಿ ಬರುವ ತವರಿನ ಬಗ್ಗೆ ಹೇಳುತ್ತಾರೆ."

ಇದಾದ ಮೇಲೆ ಹೆಸರು. ಎಲ್ಲ ಸೇರಿ ಅರ್ಧ ನಿಮಿಷ. ಫೋನಿನಲ್ಲಿ 'ಜಿಲ್ಲಾ' ಅಲ್ಲ, ರಾಜ್ಯದ್ದೇ ಎಂದು ತಿಳಿದರೆ ಆ ಸಾಲು ತಿದ್ದಿಕೊಳ್ಳಿ.

ಇನ್ನು ಅವರ ಬೇಸರದ ಮಾತು. ಕಾರ್ಯಕ್ರಮದ ದಿನ ಬೆಳಿಗ್ಗೆ ಹೇಳಿದರೆ ಖಂಡಿತ ಮುಖ ಊದಿಸಿಕೊಳ್ಳುತ್ತಾರೆ. ವಾರ ಮೊದಲೇ ಈ ಸಾಲುಗಳನ್ನು ಅವರಿಗೆ ಓದಿ ಹೇಳಿ. "ಇದರಲ್ಲಿ ಒಂದು ಸೇರಿಸುವುದಾದರೆ ಯಾವುದು ಸೇರಿಸಲಿ ಸರ್?" ಎಂದು ಕೇಳಿ. ಹದಿನೆಂಟರಲ್ಲಿ ಒಂದನ್ನು ಆರಿಸುವ ಕಷ್ಟ ಅವರಿಗೂ ಸ್ವಲ್ಪ ಇರಲಿ ಬಿಡಿ. ಪೂರ್ತಿ ಪುಟವನ್ನು ಅಂದಿನ ಕರಪತ್ರದ ಹಿಂಬದಿಗೆ ಅಚ್ಚು ಹಾಕಿಸಿ. ಅಚ್ಚಿಗೆ ಕೊಡುವ ಮೊದಲು ಇಸವಿಗಳನ್ನು ಅವರ ಕೈಯಲ್ಲೇ ತಿದ್ದಿಸಿ. ಏಕೆಂದರೆ ನೀವು ಕಳಿಸಿದ ಪುಟದಲ್ಲಿ ಒಂದೇ ಪ್ರಶಸ್ತಿ ಎರಡು ಬೇರೆ ಇಸವಿಯಲ್ಲಿ ಬಂದಿದೆ. ಲೆಕ್ಕ ಹಾಕಿದರೆ ಅವು ಹದಿನೆಂಟಲ್ಲ, ಹದಿನೇಳು.

– ಸಂಪಾದಕ