ಎಕೋಲ್ ಒಳಗಿನ ಸ್ಕೂಲು

"ಅಕ್ಕಾ, ಮುಂದಿನ ತಿಂಗಳು ಫ್ರಾನ್ಸಿಗೆ ಬರ್ತಾ ಇದ್ದೀನಿ. ಇಂಗ್ಲಿಷ್ ಚೆನ್ನಾಗಿ ಬರುತ್ತೆ, ಫ್ರೆಂಚ್ ಸೊನ್ನೆ. ಇಂಗ್ಲಿಷ್ ಹಿಡ್ಕೊಂಡೇ ಪದಗಳನ್ನ ಬೇಗ ಕಲಿಯೋಕಾಗುತ್ತಾ? ಬಾಡಿಗೆ ಮನೆ, ಬ್ಯಾಂಕು ಎಲ್ಲ ಹೇಗೆ?"

ಮನೆ, ಬ್ಯಾಂಕು ಹೇಗೋ ಆಗುತ್ತೆ, ಕಾಗದಪತ್ರ ಜೋಡಿಸಿಟ್ಟುಕೊಂಡು ಬಾ ಅಷ್ಟೇ. ಪದಗಳ ವಿಷಯ ಬಿಡಿಸಿ ಹೇಳ್ತೀನಿ.

ನೇಷನ್, ಸ್ಟೇಷನ್ ಥರದವು ಬರಹದಲ್ಲಿ ಹಾಗೇ ಇರುತ್ತವೆ, ಅವನ್ನು ಯಾರೂ ಹೇಳಿಕೊಡಬೇಕಿಲ್ಲ. ವೇಷ ಬದಲಿಸಿದವೇ ನೋಡು ಮಜಾ. ಮಗಳನ್ನು ಶಾಲೆಗೆ ಸೇರಿಸುವಾಗ ನನ್ನ ಕೈಗೆ ಬಂದ ಕಾಗದದಲ್ಲಿ ಒಂದು ಕಡೆ ಎಕೋಲ್, ಅಂದರೆ ಶಾಲೆ, ಇನ್ನೊಂದು ಕಡೆ ಸ್ಕೋಲಾರಿತೆ, ಅಂದರೆ ಶಾಲೆಯ ಓದು ಅಂತ ಇತ್ತು. ಎರಡೂ ಒಂದೇ ಮನೆಯ ಪದಗಳು. ಲ್ಯಾಟಿನ್ನಿನ ಸ್ಕೋಲಾಗೆ ಫ್ರೆಂಚರು ಮುಂದೊಂದು ಸ್ವರ ಸೇರಿಸಿಕೊಂಡರು, ನಮ್ಮವರು ಇಸ್ಕೂಲು ಅನ್ನಲ್ವಾ, ಹಾಗೇ. ಆಮೇಲೆ ಎಸ್ ಉಚ್ಚಾರಣೆಯಲ್ಲಿ ಬಿದ್ದುಹೋಯಿತು. 1740ರ ಫ್ರೆಂಚ್ ಅಕಾಡೆಮಿಯ ನಿಘಂಟು ಇಂಥ ಎಸ್‌ಗಳನ್ನು ಬರಹದಿಂದಲೂ ತೆಗೆದು, ಮೇಲೊಂದು ಗುರುತು ಉಳಿಸಿತು. ಸ್ಪೈಸ್, ಫಾರೆಸ್ಟ್ ಥರದ ಪದಗಳನ್ನು ಇಂಗ್ಲಿಷ್ ಅದಕ್ಕೂ ಎಷ್ಟೋ ಮೊದಲೇ ತೆಗೆದುಕೊಂಡಿದ್ದರಿಂದ ಅಲ್ಲಿ ಎಸ್ ಉಳಿದಿದೆ.

ಹಾಗಾಗಿ ಪದದ ಮೊದಲ ಇ ಅಕ್ಷರದ ಮೇಲೆ ಓರೆ ಗೆರೆ ಇದ್ದು, ಮುಂದೆ ಸಿ, ಪಿ ಅಥವಾ ಟಿ ಬಂದರೆ, ಆ ಇ ತೆಗೆದು ಎಸ್ ಇಟ್ಟು ನೋಡು. ಎಪೀಸ್ ಅಂದರೆ ಸ್ಪೈಸ್, ಎಪೋಂಜ್ ಅಂದರೆ ಸ್ಪಂಜ್, ಎತಾ ಅಂದರೆ ಸ್ಟೇಟ್. ಪದದ ನಡುವೆ ತಲೆ ಮೇಲೆ ಟೋಪಿಯಂಥ ಗುರುತು ಇರುವ ಸ್ವರ ಕಂಡರೆ ಅದರ ಪಕ್ಕ ಎಸ್ ಸೇರಿಸು: ಒಪಿತಾಲ್ ಹಾಸ್ಪಿಟಲ್ ಆಗುತ್ತೆ, ಫೊರೆ ಫಾರೆಸ್ಟ್ ಆಗುತ್ತೆ. ಆಮೇಲೆ ಅದೇ ಕುಟುಂಬದ ದೊಡ್ಡ ಪದಗಳಲ್ಲಿ ಎಸ್ ತಾನೇ ವಾಪಸ್ ಬಂದಿರುತ್ತೆ: ಶಾಲೆಗೆ ಸಂಬಂಧಿಸಿದ್ದು ಸ್ಕೋಲೇರ್, ಕಾಡಿಗೆ ಸಂಬಂಧಿಸಿದ್ದು ಫೊರೆಸ್ತಿಯೆ. ಒಂದು ಪದ ಕಲಿತರೆ ಎರಡು ಮೂರು ಪುಕ್ಕಟೆ.

ಎಲ್ಲ ಕಡೆ ನಡೆಯಲ್ಲ. ಎಕೊನೊಮಿ, ಎಪೊಕ್ ಇದ್ದ ಹಾಗೇ ಎಕಾನಮಿ, ಎಪಕ್, ಅಲ್ಲಿ ಎಸ್ ತುರುಕಬೇಡ. ಅರ್ಥ ಜಾರಿದ್ದೂ ಇದೆ. ಎತ್ರಾಂಜೆ ಅಂದಾಗ ಸ್ಟ್ರೇಂಜರ್ ನೆನಪಾಗುತ್ತೆ, ಆದರೆ ಜಾಸ್ತಿ ಸಲ ಅದರ ಅರ್ಥ ವಿದೇಶಿ. ಅರ್ಜಿಗಳಲ್ಲಿ ಆ ಪದ ನಿನ್ನನ್ನೇ ಕರೆಯುತ್ತೆ. ಮೊದಮೊದಲು ಚುಚ್ಚುತ್ತೆ. ಈಗಲೂ ಒಮ್ಮೊಮ್ಮೆ.

ಇನ್ನೊಂದು ಮಾತು. ಇದೆಲ್ಲ ಕಣ್ಣಿನ ವಿದ್ಯೆ, ಕಿವಿಗೆ ಗುರುತೂ ಕಾಣಲ್ಲ, ಟೋಪಿಯೂ ಕಾಣಲ್ಲ. ಎತ್ಯುದ್ಯಾಂ ಅಂತ ಯಾರೋ ಸರ್ರನೆ ಅಂದರೆ ಸ್ಟೂಡೆಂಟ್ ಹೊಳೆಯೋದೇ ಇಲ್ಲ. ಇಂಗ್ಲಿಷಿಗೆ ನೆಂಟರಾದ ಪದಗಳು ಜಾಸ್ತಿ ಸಿಗೋದು ಪೇಪರು, ಅರ್ಜಿ, ಆಫೀಸು ಭಾಷೆಯಲ್ಲಿ. ಪಕ್ಕದ ಮನೆಯವರು ಕೆಲಸಕ್ಕೆ ಬುಲೋ ಅಂತಾರೆ, ಯಾವ ವಸ್ತುವಿಗೂ ತ್ರ್ಯುಕ್ ಅಂತಾರೆ, ಅವಕ್ಕೆ ಇಂಗ್ಲಿಷ್ ಏನೂ ಸಹಾಯ ಮಾಡಲ್ಲ. ನನ್ನ ಮೊದಲ ಚಳಿಗಾಲ ಹಾಗೇ ಹೋಯಿತು: ಪೇಪರಿನ ಸಂಪಾದಕೀಯ ಅರ್ಥ ಆಗ್ತಿತ್ತು, ಮೆಟ್ಟಿಲ ಮೇಲೆ ನಿಂತು ಮಾತಾಡಿಸುತ್ತಿದ್ದ ಪಕ್ಕದ ಮನೆ ಅಜ್ಜಿಗೆ ಸುಮ್ನೆ ತಲೆಯಾಡಿಸ್ತಿದ್ದೆ. ಅವರು ಆಮೇಲೆ ಮಗನ ಊರಿಗೆ ಹೋಗಿಬಿಟ್ಟರು. ಅದೊಂದು ಕೊರಗು ನನಗೆ. ಅದಕ್ಕೇ ಹೇಳೋದು, ಹೊಸ ಪದ ಓದಿದ ಕೂಡಲೇ ಅದನ್ನು ರೇಡಿಯೋದಲ್ಲೋ ಎಲ್ಲೋ ಒಮ್ಮೆ ಕೇಳಿಸಿಕೊ, ಆಮೇಲೆ ಪುಸ್ತಕಕ್ಕೆ ಬರೆದುಕೊ.