ತೂಕ ಹೆಚ್ಚಿಸದೆ ಸ್ಕ್ವಾಟ್‌ನ ಹೊರೆ ಹೆಚ್ಚಿಸುವ ಬಗೆ

«ಮನೆಯಲ್ಲಿ 10 ಕೆ.ಜಿ.ಯ ಒಂದೇ ಡಂಬಲ್ ಇದೆ. ಅದನ್ನು ಎದೆಗೆ ಹಿಡಿದು 15 ಸ್ಕ್ವಾಟ್ ಸುಲಭವಾಗಿ ಮಾಡುತ್ತೇನೆ. ಮುಂದೇನು?»

ಸೆಟ್‌ನ ಕೊನೆಗೆ ಇನ್ನೆರಡು ಮೂರು ಸಲ ಮಾತ್ರ ಏಳಬಲ್ಲೆ ಎನ್ನುವಷ್ಟು ದಣಿದಾಗಲೇ ಸ್ನಾಯುವಿನ ಬಹುಪಾಲು ತಂತುಗಳು ಪೂರ್ಣವಾಗಿ ದುಡಿಯುತ್ತವೆ. ದೇಹ ಒಗ್ಗಿಕೊಂಡಂತೆ ಅದೇ 15 ಸ್ಕ್ವಾಟ್ ಆ ಹಂತಕ್ಕೆ ಒಯ್ಯುವುದಿಲ್ಲವಾದ್ದರಿಂದ ಬೆಳವಣಿಗೆ ನಿಲ್ಲುತ್ತದೆ.

ಮೊದಲು ವಾರಕ್ಕೆ ಒಂದೆರಡರಂತೆ ಸಂಖ್ಯೆಯನ್ನು 25ರವರೆಗೆ ಏರಿಸಿ. ಅದಕ್ಕಿಂತ ಬಹಳ ಮುಂದೆ ಹೋದರೆ ಕಾಲು ಸೋಲುವ ಮೊದಲೇ ಉಸಿರು ಸೋಲುತ್ತದೆ. ಆಮೇಲೆ 3 ಸೆಕೆಂಡು ತೆಗೆದುಕೊಂಡು ಇಳಿದು, ತಳದಲ್ಲಿ ಬಿಗಿ ಬಿಡದೆ 2 ಸೆಕೆಂಡು ನಿಂತು ಏಳಿ. ಸಂಖ್ಯೆ ಬಹುಶಃ 12ಕ್ಕೆ ಇಳಿಯುತ್ತದೆ. ಅದು ಹಿನ್ನಡೆಯಲ್ಲ, ಅಲ್ಲಿಂದ ಮತ್ತೆ ಏರಬೇಕು.

ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಪರಿಣಾಮಕಾರಿಯಾದದ್ದು, ಹಿಂದಿನ ಪಾದವನ್ನು ಗೋಡೆಗೆ ಒರಗಿಸಿದ ಕುರ್ಚಿಯ ಮೇಲಿಟ್ಟು ಮುಂದಿನ ಕಾಲಿನ ಮೇಲೆ ಭಾರ ಹಾಕಿ ಮಾಡುವ ಸ್ಕ್ವಾಟ್, ಏಕೆಂದರೆ ಅದರಲ್ಲಿ ಮೈಭಾರದ ಹೆಚ್ಚಿನ ಪಾಲು ಒಂದೇ ತೊಡೆಗೆ ಬೀಳುತ್ತದೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ದಣಿದಾಗ ಅರಿವಿಲ್ಲದೆ ಆಳ ಕಡಿಮೆಯಾಗುತ್ತದೆ, ಆಗ ಹೆಚ್ಚಿದ ಸಂಖ್ಯೆಗೆ ಅರ್ಥವಿರುವುದಿಲ್ಲ. ಆದ್ದರಿಂದ ಪಕ್ಕದಿಂದ ವಿಡಿಯೊ ಮಾಡಿಕೊಂಡು ಮೊದಲ ಮತ್ತು ಕೊನೆಯ ಸ್ಕ್ವಾಟ್‌ಗಳ ಆಳವನ್ನು ಹೋಲಿಸಿ ನೋಡಿ.