60 ಹರ್ಟ್ಸ್ ಮಾನಿಟರ್‌ಗೆ ಫ್ರೇಮ್ ಜನರೇಷನ್ ಬೇಕೇ?

ಪ್ರಶ್ನೆ: ನನ್ನ ಮಾನಿಟರ್ 60 ಹರ್ಟ್ಸ್. ಗೇಮ್ 40 ಎಫ್‌ಪಿಎಸ್‌ನಲ್ಲಿ ಓಡುತ್ತಿದೆ. ಫ್ರೇಮ್ ಜನರೇಷನ್ ಆನ್ ಮಾಡಿ 60ಕ್ಕೆ ತರುವುದು ಒಳ್ಳೆಯದೇ, ಅಥವಾ ಗ್ರಾಫಿಕ್ಸ್ ಕಡಿಮೆ ಮಾಡಬೇಕೇ?

ನಾನು ಇದನ್ನೇ ಮಾಡಿ ಎರಡು ವಾರ ಕಳೆದುಕೊಂಡೆ, ಸಾಲದ್ದಕ್ಕೆ ಒಂದು ಹೊಸ ಮೌಸ್ ಕೂಡ ಕೊಂಡೆ.

ಅದು ಕತ್ತಿ ಕಾಳಗದ ಗೇಮ್. ಎದುರಾಳಿಯ ಏಟು ಬೀಳುವ ಕ್ಷಣಕ್ಕೆ ಸರಿಯಾಗಿ ಗುಂಡಿ ಒತ್ತಿದರೆ ಮಾತ್ರ ತಡೆಯಬಹುದು. ನನ್ನ ಕಾರ್ಡ್‌ನಲ್ಲಿ ಅದು ಸುಮಾರು 55 ಎಫ್‌ಪಿಎಸ್ ಕೊಡುತ್ತಿತ್ತು. 60 ಮುಟ್ಟಲು ಐದೇ ಐದು ಕಡಿಮೆ ಎಂದು ಫ್ರೇಮ್ ಜನರೇಷನ್ ಆನ್ ಮಾಡಿದೆ. ಚಿತ್ರ ಸೀಳದಂತೆ ಗೇಮಿನ ಫ್ರೇಮ್‌ಗಳನ್ನು ಪರದೆಯ ವೇಗಕ್ಕೆ ಹೊಂದಿಸುವ ವಿ-ಸಿಂಕ್ ಮೊದಲಿನಿಂದಲೂ ಆನ್ ಇತ್ತು, ಅದನ್ನು ಮುಟ್ಟಲಿಲ್ಲ. ಮೂಲೆಯ ಅಂಕಿ 60ರಲ್ಲಿ ಅಲುಗಾಡದೆ ನಿಂತಿತು. ಆದರೆ ಹಿಂದಿನ ದಿನ ಸಲೀಸಾಗಿ ತಡೆಯುತ್ತಿದ್ದ ಏಟುಗಳೆಲ್ಲ ನನ್ನ ಮೈಮೇಲೆ ಬೀಳತೊಡಗಿದವು. ಮೌಸ್ ತಿರುಗಿಸಿದರೆ ಕ್ಯಾಮೆರಾ ನೀರೊಳಗೆ ತಿರುಗಿದಂತೆ ಭಾರವಾಗಿತ್ತು. ಅಂಕಿ 60 ಎನ್ನುತ್ತಿದೆ, ಹಾಗಾದರೆ ತಪ್ಪು ಮೌಸಿನದೇ ಎಂದು ನಂಬಿದೆ.

ಒಂದು ರಾತ್ರಿ ಬೇರೇನೂ ತೋಚದೆ ವಿ-ಸಿಂಕ್ ಆಫ್ ಮಾಡಿದೆ. ಪರದೆಯ ಚಿತ್ರ ಅಡ್ಡಡ್ಡ ಸೀಳಿತು, ಅಂಕಿ 92ಕ್ಕೆ ಹಾರಿತು, ಕೈ ಮಾತ್ರ ಎಷ್ಟೋ ಹಗುರವಾಯಿತು. ಆಗ ಅರ್ಥವಾಯಿತು. 92ರಲ್ಲಿ ಗೇಮ್ ನಿಜವಾಗಿ ಚಿತ್ರಿಸುತ್ತಿದ್ದುದು ಅರ್ಧ, ಅಂದರೆ 46. ಉಳಿದ 46 ಎರಡು ನಿಜ ಫ್ರೇಮ್‌ಗಳ ನಡುವೆ ಸೇರಿಸಿದ ಊಹೆಯ ಚಿತ್ರಗಳು. ಮೊದಲಿದ್ದ 55 ಏಕೆ 46ಕ್ಕೆ ಇಳಿಯಿತು? ಊಹೆಯ ಚಿತ್ರ ತಯಾರಿಸಲು ಅದೇ ಕಾರ್ಡ್ ದುಡಿಯಬೇಕು, ಅದರ ಕೂಲಿ ನಿಜ ಫ್ರೇಮ್‌ಗಳಿಂದ ಹೋಗುತ್ತದೆ. ಇನ್ನು ವಿ-ಸಿಂಕ್ ಆನ್ ಇದ್ದಾಗ ಪರದೆಗೆ ಸೆಕೆಂಡಿಗೆ 60ಕ್ಕಿಂತ ಹೆಚ್ಚು ಚಿತ್ರ ಹೋಗುವಂತಿಲ್ಲ. ಅದರಲ್ಲಿ ಅರ್ಧ ಊಹೆಯವು. ಹಾಗಾಗಿ 55ರಲ್ಲಿ ಓಡಬಲ್ಲ ಗೇಮನ್ನು ನಾನೇ ಕೈಯಾರೆ 30ಕ್ಕೆ ಕಟ್ಟಿಹಾಕಿದ್ದೆ.

ನಮ್ಮ ಕೈಯ ಮಾತನ್ನು ಕೇಳುವುದು ನಿಜ ಫ್ರೇಮ್ ಮಾತ್ರ. 55ರಲ್ಲಿ ಗೇಮ್ ಸುಮಾರು 18 ಮಿಲಿಸೆಕೆಂಡಿಗೊಮ್ಮೆ ಮೌಸ್ ಏನು ಮಾಡಿತೆಂದು ನೋಡುತ್ತದೆ, 30ರಲ್ಲಿ 33ಕ್ಕೊಮ್ಮೆ. ಅಷ್ಟೇ ಅಲ್ಲ. ನಡುವಿನ ಚಿತ್ರ ಊಹಿಸಲು ಹಿಂದಿನ ಫ್ರೇಮ್ ಜೊತೆಗೆ ಮುಂದಿನದೂ ಕೈಯಲ್ಲಿರಬೇಕು. ಆದ್ದರಿಂದ ಸಿದ್ಧವಾದ ಹೊಸ ಫ್ರೇಮನ್ನು ತಡೆದು, ಮೊದಲು ಊಹೆಯದನ್ನು ತೋರಿಸಿ, ನಂತರ ಇದನ್ನು ಬಿಡುತ್ತಾರೆ. ಹೀಗೆ ತಡೆಯುವ ಅವಧಿ ನಿಜ ಫ್ರೇಮಿನ ಅವಧಿಯ ಸುಮಾರು ಅರ್ಧ, ಜೊತೆಗೆ ಊಹೆಯ ಚಿತ್ರ ತಯಾರಾಗುವ ಸಮಯ. 30ರಲ್ಲಿ ಆ ಅರ್ಧವೇ 17 ಮಿಲಿಸೆಕೆಂಡ್. 70 ನಿಜ ಫ್ರೇಮ್ ಇದ್ದರೆ 7. ಒಂದೇ ಸೌಲಭ್ಯ ಒಬ್ಬರಿಗೆ ಹಿತವಾಗಿ, ಇನ್ನೊಬ್ಬರಿಗೆ ಹಿಂಸೆಯಾಗುವುದು ಇದರಿಂದಲೇ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಫ್ರೇಮ್ ಜನರೇಷನ್ 40ನ್ನು 60 ಮಾಡುವ ಸಾಧನವಲ್ಲ. ಆಗಲೇ ಚೆನ್ನಾಗಿ ಓಡುತ್ತಿರುವ ಗೇಮನ್ನು ವೇಗದ ಪರದೆಯಲ್ಲಿ ಇನ್ನಷ್ಟು ನುಣುಪಾಗಿ ತೋರಿಸುವ ಸಾಧನ. ನಿಮ್ಮ ಪರದೆಯಲ್ಲಿ ವಿ-ಸಿಂಕ್ ಇಟ್ಟರೆ ನಿಮ್ಮ 40 ಕೂಡ 30 ಆಗುತ್ತದೆ. ತೆಗೆದರೆ ಚಿತ್ರ ಸೀಳುತ್ತದೆ, ಕಡಿಮೆ ಫ್ರೇಮ್‌ಗಳಿಂದ ಊಹಿಸಿದ ಚಿತ್ರದಲ್ಲಿ ಓಡುವ ಪಾತ್ರದ ಅಂಚುಗಳೂ ಕದಡುತ್ತವೆ. ನೆರಳು ಮತ್ತು ರೇ ಟ್ರೇಸಿಂಗ್ ಇಳಿಸಿ, ಕಡಿಮೆ ರೆಸಲ್ಯೂಶನ್‌ನಲ್ಲಿ ಚಿತ್ರಿಸಿ ಹಿಗ್ಗಿಸುವ ಅಪ್‌ಸ್ಕೇಲಿಂಗ್ ಆನ್ ಮಾಡಿ, ನಿಜವಾದ 60 ಪಡೆಯಿರಿ. ಅಪ್‌ಸ್ಕೇಲಿಂಗ್ ಮತ್ತು ಫ್ರೇಮ್ ಜನರೇಷನ್ ಒಂದೇ ಮೆನುವಿನಲ್ಲಿ ಅಕ್ಕಪಕ್ಕ ಇರುತ್ತವೆ. ಆದರೆ ಮೊದಲನೆಯದು ನಿಜ ಫ್ರೇಮ್ ಹೆಚ್ಚಿಸುತ್ತದೆ, ಎರಡನೆಯದು ತುಸು ತಿನ್ನುತ್ತದೆ.

ಈಗ ನನ್ನ ಬಳಿ 144 ಹರ್ಟ್ಸ್‌ನ, ಫ್ರೇಮ್ ಬಂದಂತೆ ತನ್ನ ವೇಗ ಬದಲಿಸಿಕೊಳ್ಳುವ ಮಾನಿಟರ್ ಇದೆ. ಫ್ರೇಮ್ ಜನರೇಷನ್ ಆನ್ ಮಾಡಿದ ಮೇಲೂ 65 ನಿಜ ಫ್ರೇಮ್ ಉಳಿಯುವ ಗೇಮ್‌ಗಳಲ್ಲಿ ಅದನ್ನು ಸಂತೋಷದಿಂದ ಬಳಸುತ್ತೇನೆ. ಕಂಟ್ರೋಲರ್ ಹಿಡಿದು ಆಡುವ ಕಥಾ ಗೇಮ್‌ಗಳಿಗೆ ಅದು ಚೆನ್ನಾಗಿ ಒಗ್ಗುತ್ತದೆ. ಪ್ರೊಸೆಸರ್ ಸೋತು ಕಾರ್ಡ್ ಬಿಡುವಾಗಿ ಕುಳಿತಿರುವ ಗೇಮ್‌ಗಳಿಗೆ ಇನ್ನೂ ಚೆನ್ನ, ಏಕೆಂದರೆ ಅಲ್ಲಿ ಕೂಲಿ ತೆರಬೇಕಾದ ಫ್ರೇಮ್‌ಗಳು ಕಡಿಮೆ. ಎದುರಾಳಿ ಮನುಷ್ಯನಾಗಿರುವ ಶೂಟಿಂಗ್ ಗೇಮ್‌ಗಳಲ್ಲಿ ಮಾತ್ರ ಎಷ್ಟೇ ಫ್ರೇಮ್ ಇದ್ದರೂ ಆನ್ ಮಾಡುವುದಿಲ್ಲ.

ಮುಂದೆ ನೀವೂ ಅಂಥ ಮಾನಿಟರ್ ಕೊಂಡರೆ ಹೀಗೆ ಪರೀಕ್ಷಿಸಿ: ಆಫ್ ಇದ್ದಾಗಿನ ಎಫ್‌ಪಿಎಸ್ ಬರೆದುಕೊಳ್ಳಿ. ಅದೇ ಜಾಗದಲ್ಲಿ ನಿಂತು ಆನ್ ಮಾಡಿ, ಬಂದ ಅಂಕಿಯನ್ನು ಎರಡರಿಂದ ಭಾಗಿಸಿ. ಉತ್ತರ 60ಕ್ಕಿಂತ ತೀರಾ ಕೆಳಗಿದ್ದರೆ ಆಫ್ ಮಾಡಿ. ಒಂದಕ್ಕೆ ಮೂರು ಊಹೆಯ ಚಿತ್ರ ಸೇರಿಸುವ 4x ಆಯ್ಕೆ ಇದ್ದರೆ ನಾಲ್ಕರಿಂದ ಭಾಗಿಸಿ.